ಒಂದೇ ಯಂತ್ರ: ಒಂದು ಲೆಕ್ಕದಲ್ಲಿ ನಷ್ಟ, ಇನ್ನೊಂದರಲ್ಲಿ ಲಾಭ

ಹಿಟ್ಟಿನ ಗಿರಣಿಯೊಂದಕ್ಕೆ 2020ರ ಏಪ್ರಿಲ್ 1ರಂದು ಹೊಸ ಯಂತ್ರ ಬಂತು ಎಂದುಕೊಳ್ಳೋಣ. ಬೆಲೆ 2,40,000 ರೂಪಾಯಿ. ಲಾರಿ ಬಾಡಿಗೆ ಮತ್ತು ಜೋಡಣೆಗೆ 16,000. ಯಂತ್ರ ಓಡುವ ಸ್ಥಿತಿಗೆ ಬರುವವರೆಗಿನ ಖರ್ಚೆಲ್ಲ ಅದರ ಅಸಲಿಗೇ ಸೇರುವುದರಿಂದ ಲೆಕ್ಕ ಶುರುವಾಗುವುದು 2,56,000ದಿಂದ. ಪರೀಕ್ಷೆಯಲ್ಲಿ ಎಷ್ಟೋ ಉತ್ತರಗಳು ಈ ಮೊದಲ ಸಾಲಿನಲ್ಲೇ ಎಡವುತ್ತವೆ. ಯಂತ್ರದ ಬಾಳಿಕೆ ನಾಲ್ಕು ವರ್ಷ, ಆಮೇಲೆ ಮಾರಿದರೆ 81,000 ಬರುವ ಅಂದಾಜಿದೆ.

ನಾಲ್ಕು ವರ್ಷದಲ್ಲಿ ಕರಗಬೇಕಾದ ಮೊತ್ತ 1,75,000. ಎರಡು ಪದ್ಧತಿಗಳೂ ಇಷ್ಟನ್ನೇ ಸವಕಳಿಯಾಗಿ ಬರೆಯುತ್ತವೆ. ಯಾವ ವರ್ಷಕ್ಕೆ ಎಷ್ಟು ಪಾಲು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ನೇರ ರೇಖಾ ಪದ್ಧತಿ ಅದನ್ನು ಸಮನಾಗಿ ಹಂಚುತ್ತದೆ, ವರ್ಷಕ್ಕೆ 43,750. ಇಳಿಕೆ ಶಿಲ್ಕು ಪದ್ಧತಿಯಲ್ಲಿ, ಅಂದರೆ ರಿಟನ್ ಡೌನ್ ವ್ಯಾಲ್ಯೂ ಲೆಕ್ಕದಲ್ಲಿ, ಆಯಾ ವರ್ಷದ ಆರಂಭದ ಶಿಲ್ಕಿನ ಮೇಲೆ ಶೇ. 25 ಕಳೆಯುತ್ತೇವೆ.

| ಮಾರ್ಚ್ 31ಕ್ಕೆ | ನೇರ ರೇಖೆ: ಸವಕಳಿ | ಶಿಲ್ಕು | ಇಳಿಕೆ ಶಿಲ್ಕು: ಸವಕಳಿ | ಶಿಲ್ಕು |
|---|---|---|---|---|
| 2021 | 43,750 | 2,12,250 | 64,000 | 1,92,000 |
| 2022 | 43,750 | 1,68,500 | 48,000 | 1,44,000 |
| 2023 | 43,750 | 1,24,750 | 36,000 | 1,08,000 |
| 2024 | 43,750 | 81,000 | 27,000 | 81,000 |

ಶೇ. 25 ಎಂಬ ದರ ನಾಲ್ಕು ವರ್ಷಕ್ಕೆ ನೂರನ್ನು ಭಾಗಿಸಿ ಬಂದದ್ದಲ್ಲ. ಅಸಲಿನಲ್ಲಿ ಕೊನೆಗೆ ಉಳಿಯುವ ಪಾಲು 81/256. ಇದರ ನಾಲ್ಕನೇ ಮೂಲ 3/4. ಅಂದರೆ ಪ್ರತಿ ವರ್ಷ ಮುಕ್ಕಾಲು ಉಳಿದು ಕಾಲು ಭಾಗ ಹೋಗಬೇಕು. ಗುಜರಿ ಬೆಲೆ ಈ ದರದೊಳಗೇ ಅಡಗಿದೆ. ಆದ್ದರಿಂದ ಇಲ್ಲಿ ಅಸಲಿನಿಂದ 81,000 ಕಳೆದು ಮಿಕ್ಕದ್ದರ ಮೇಲೆ ಶೇ. 25 ಹಾಕಿದರೆ ಗುಜರಿ ಬೆಲೆಯನ್ನು ಎರಡು ಸಲ ಕಳೆದಂತಾಗುತ್ತದೆ. ನೇರ ರೇಖೆಯಲ್ಲಿ ಮಾತ್ರ ಅದನ್ನು ಮೊದಲೇ ಕಳೆಯಬೇಕು. ಗುಜರಿ ಬೆಲೆ ಸೊನ್ನೆಯಾದರೆ ಈ ಸೂತ್ರ ಕೈಕೊಡುತ್ತದೆ, ಏಕೆಂದರೆ ಶಿಲ್ಕಿನ ಮುಕ್ಕಾಲು ಭಾಗವನ್ನು ಎಷ್ಟು ಸಲ ಉಳಿಸಿಕೊಂಡರೂ ಅದು ಸೊನ್ನೆ ಮುಟ್ಟುವುದಿಲ್ಲ.

ಪಠ್ಯಪುಸ್ತಕಗಳು ಎರಡೂ ಪದ್ಧತಿಗಳಿಗೆ ಒಂದೇ ಶೇಕಡಾ ದರ ಕೊಟ್ಟು ಹೋಲಿಸುವುದುಂಟು. ನನ್ನ ಪ್ರಕಾರ ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಅಸಲಿನ ಶೇ. 25ರಂತೆ ನೇರ ರೇಖೆಯಲ್ಲಿ ಬರೆದರೆ ನಾಲ್ಕು ವರ್ಷಕ್ಕೆ ಯಂತ್ರದ ಬೆಲೆ ಪೂರ್ತಿ ಅಳಿದುಹೋಗುತ್ತದೆ. ಇಳಿಕೆ ಶಿಲ್ಕಿನಲ್ಲಿ ಇನ್ನೂ 81,000 ಉಳಿದಿರುತ್ತದೆ. ನಮ್ಮ ಯಂತ್ರಕ್ಕೆ ನೇರ ರೇಖೆಯ ದರ ಅಸಲಿನ ಶೇ. 17ರ ಆಸುಪಾಸು.

ಈಗ ಪರೀಕ್ಷಕರಿಗೆ ಪ್ರಿಯವಾದ ತಿರುವಿಗೆ ಬರೋಣ. ಯಂತ್ರವನ್ನು ನಡುವೆಯೇ, 2022ರ ಸೆಪ್ಟೆಂಬರ್ 30ರಂದು, 1,30,000ಕ್ಕೆ ಮಾರಲಾಯಿತು. ಮೂರನೇ ವರ್ಷದ ಆರು ತಿಂಗಳ ಸವಕಳಿಯನ್ನು ಮೊದಲು ಬರೆಯಬೇಕು. ನೇರ ರೇಖೆಯಲ್ಲಿ ಅದು 21,875. 1,68,500ರಿಂದ ಕಳೆದರೆ ಶಿಲ್ಕು 1,46,625. ಮಾರಾಟದಿಂದ ಬಂದದ್ದು ಅದಕ್ಕಿಂತ ಕಡಿಮೆ, ಹಾಗಾಗಿ 16,625 ನಷ್ಟ. ಇಳಿಕೆ ಶಿಲ್ಕಿನಲ್ಲಿ ಆರು ತಿಂಗಳಿಗೆ 18,000, ಶಿಲ್ಕು 1,26,000. ಇಲ್ಲಿ ಅದೇ ಮಾರಾಟಕ್ಕೆ 4,000 ಲಾಭ!

ಗಿರಣಿಯವರ ಕೈಗೆ ಬಂದ ಹಣ ಎರಡರಲ್ಲೂ ಒಂದೇ. ಎರಡೂವರೆ ವರ್ಷಕ್ಕೆ ಯಂತ್ರಕ್ಕಾಗಿ ನಿಜವಾಗಿ ತಗುಲಿದ್ದು 2,56,000ದಲ್ಲಿ 1,30,000 ಕಳೆದರೆ ಬರುವ 1,26,000. ನೇರ ರೇಖೆ ಅದರಲ್ಲಿ 1,09,375ನ್ನು ಸವಕಳಿಯಾಗಿ ಬರೆದಿತ್ತು, ಬಾಕಿ 16,625 ನಷ್ಟವಾಗಿ ಹೊರಬಂತು. ಇಳಿಕೆ ಶಿಲ್ಕು 1,30,000 ಬರೆದುಬಿಟ್ಟಿತ್ತು, ಹೆಚ್ಚು ಬರೆದ 4,000 ಲಾಭವಾಗಿ ವಾಪಸಾಯಿತು. ಕೂಡಿ ಕಳೆದದ್ದು ಸರಿಯೇ ಎಂದು ನೋಡಿಕೊಳ್ಳಲು ಇದೇ ಒಳ್ಳೆಯ ದಾರಿ: ಸವಕಳಿಗೆ ನಷ್ಟ ಕೂಡಿಸಿ, ಇಲ್ಲವೇ ಲಾಭ ಕಳೆಯಿರಿ. 1,26,000 ಬರದಿದ್ದರೆ ಎಲ್ಲೋ ಕೂಡುವುದರಲ್ಲಿ ಅಥವಾ ಕಳೆಯುವುದರಲ್ಲಿ ತಪ್ಪಾಗಿದೆ. ಆದರೆ ತಿಂಗಳುಗಳ ಲೆಕ್ಕ ತಪ್ಪಿದ್ದರೆ, ಅಥವಾ ಇಳಿಕೆ ಶಿಲ್ಕಿನ ಅರ್ಧ ವರ್ಷದ ಸವಕಳಿಯನ್ನು ಅಸಲಿನ ಮೇಲೆ ಹಾಕಿದ್ದರೆ ಇದರಿಂದ ಗೊತ್ತಾಗುವುದಿಲ್ಲ, ಏಕೆಂದರೆ ಸವಕಳಿಯಲ್ಲಿ ಆದ ತಪ್ಪು ಲಾಭ ನಷ್ಟದಲ್ಲಿ ಸರಿದೂಗಿಬಿಡುತ್ತದೆ.

ಯಾವ ಪದ್ಧತಿ ಸರಿ ಎನ್ನುವುದು ಆಸ್ತಿ ಹೇಗೆ ಸವೆಯುತ್ತದೆ ಎಂಬುದರ ಮೇಲಿದೆ. ಗುತ್ತಿಗೆ ಅಥವಾ ಪೇಟೆಂಟಿನಂತೆ ಕಾಲ ಕಳೆದಂತೆ ಸಮನಾಗಿ ತೀರುವ ಹಕ್ಕುಗಳಿಗೆ ನೇರ ರೇಖೆ ಹೊಂದುತ್ತದೆ. ವಯಸ್ಸಾದಂತೆ ರಿಪೇರಿ ಖರ್ಚು ಏರುವ ಯಂತ್ರ, ವಾಹನಗಳಿಗೆ ಇಳಿಕೆ ಶಿಲ್ಕು ಹೆಚ್ಚು ನ್ಯಾಯ ಎಂದು ನನಗನಿಸುತ್ತದೆ: ಮೊದಲ ವರ್ಷ ಸವಕಳಿ 64,000 ಇದ್ದು ರಿಪೇರಿ ಕಡಿಮೆ, ನಾಲ್ಕನೇ ವರ್ಷ ಸವಕಳಿ 27,000ಕ್ಕೆ ಇಳಿದು ರಿಪೇರಿ ಹೆಚ್ಚು. ಒಟ್ಟು ಹೊರೆ ಹೆಚ್ಚು ಕಡಿಮೆ ಸಮನಾಗಿರುತ್ತದೆ.

ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಇಳಿಕೆ ಶಿಲ್ಕೇ. ಆದರೆ ಅಲ್ಲಿ ಒಂದೊಂದು ಯಂತ್ರಕ್ಕೆ ಬೇರೆ ಶಿಲ್ಕು ಇಲ್ಲ. ಒಂದೇ ವರ್ಗದ, ಒಂದೇ ದರದ ಆಸ್ತಿಗಳೆಲ್ಲ ಒಂದು ಗುಂಪು. ಮಾರಿದ 1,30,000 ಆ ಗುಂಪಿನ ಶಿಲ್ಕಿನಿಂದ ಕಳೆದುಹೋಗುತ್ತದೆ. ಗುಂಪಿನಲ್ಲಿ ಬೇರೆ ಯಂತ್ರಗಳೂ ಶಿಲ್ಕೂ ಉಳಿದಿರುವಷ್ಟು ಕಾಲ 16,625ರ ನಷ್ಟವೂ 4,000ದ ಲಾಭವೂ ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.