ಮಿದುಳಿಗೆ ಹತ್ತದ ನೀಲಿ ಬಣ್ಣ

1909ರಲ್ಲಿ ಜರ್ಮನಿಯ ವೈದ್ಯ ಎಡ್ವಿನ್ ಗೋಲ್ಡ್‌ಮನ್ ಪ್ರಾಣಿಗಳ ರಕ್ತಕ್ಕೆ ಟ್ರಿಪಾನ್ ಬ್ಲೂ ಎಂಬ ಬಣ್ಣ ಚುಚ್ಚಿದರು. ದೇಹದ ಬಹುತೇಕ ಅಂಗಗಳು ನೀಲಿಯಾದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. 1913ರಲ್ಲಿ ಅದೇ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೆ ಸೇರಿಸಿದರು. ಈಗ ಮಿದುಳು ನೀಲಿಯಾಯಿತು!

ಈ ಮಿದುಳುಬಳ್ಳಿ ದ್ರವ ಹುಟ್ಟುವುದು ಮಿದುಳಿನೊಳಗಿನ ಕುಹರಗಳಲ್ಲಿ. ಅಲ್ಲಿನ ಕೋರಾಯ್ಡ್ ಜಾಲ ರಕ್ತದಿಂದ ಆಯ್ದ ಲವಣ ಮತ್ತು ನೀರನ್ನು ತೆಗೆದುಕೊಂಡು ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ತಯಾರಿಸುತ್ತದೆ. ಆದರೆ ಒಮ್ಮೆಗೆ ಅಲ್ಲಿರುವುದು 150 ಮಿಲಿಲೀಟರ್ ಮಾತ್ರ. ಅಂದರೆ ಅದು ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹೊಸದಾಗುತ್ತದೆ. ಎರಡು ಪಕ್ಕದ ಕುಹರಗಳಿಂದ ಮೂರನೆಯದಕ್ಕೆ, ಅಲ್ಲಿಂದ ಕಿರಿದಾದ ನಾಳದ ಮೂಲಕ ನಾಲ್ಕನೆಯದಕ್ಕೆ ಹರಿದು, ಹೊರಬಂದು ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದು, ಕೊನೆಗೆ ಬಹುಪಾಲು ರಕ್ತಕ್ಕೆ ಮರಳುತ್ತದೆ.

ಆ ಕಿರುನಾಳ ಕಟ್ಟಿಕೊಂಡರೆ ದ್ರವ ಹಿಂದೆಯೇ ತುಂಬಿಕೊಳ್ಳುತ್ತದೆ. ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಳ್ಳದ ಹಸುಗೂಸಿನ ತಲೆ ಬೇಗ ದೊಡ್ಡದಾಗುತ್ತದೆ, ನೆತ್ತಿ ಉಬ್ಬುತ್ತದೆ.

ಹಾಗಾದರೆ ರಕ್ತದಲ್ಲಿದ್ದ ಬಣ್ಣವನ್ನು ತಡೆದದ್ದು ಯಾವುದು? ಮಿದುಳಿನ ಲೋಮನಾಳಗಳ ಗೋಡೆಯ ಕೋಶಗಳು ಸಂದಿಲ್ಲದಂತೆ ಬಿಗಿಯಾಗಿ ಬೆಸೆದುಕೊಂಡಿವೆ. ಆಮ್ಲಜನಕ ಅವುಗಳ ಮೂಲಕ ಸಲೀಸಾಗಿ ಸಾಗುತ್ತದೆ. ಗ್ಲೂಕೋಸನ್ನು ವಿಶೇಷ ವಾಹಕಗಳು ಒಳಗೆ ಒಯ್ಯುತ್ತವೆ. ರಕ್ತದಲ್ಲಿ ಏರಿಳಿಯುವ ಲವಣಗಳೂ ಅನೇಕ ವಿಷಗಳೂ ನರಕೋಶಗಳನ್ನು ಸುಲಭವಾಗಿ ಮುಟ್ಟಲಾರವು.

ಇದೇ ಕಾವಲು ವೈದ್ಯರಿಗೆ ತೊಡಕೂ ಹೌದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೊರತೆಯಾಗುವ ಡೋಪಮಿನ್ ಈ ಗೋಡೆ ದಾಟದು. ಅದಕ್ಕೇ ಅಮೈನೋ ಆಮ್ಲದ ವಾಹಕವನ್ನೇರಿ ಒಳಹೋಗಬಲ್ಲ ಲೆವೊಡೋಪ ಕೊಡುತ್ತಾರೆ. ಒಳಗೆ ಸೇರಿದ ಮೇಲೆ ಅದು ಡೋಪಮಿನ್ ಆಗುತ್ತದೆ.