ಕೋಳಿಮರಿಗೆ ಮೊದಲ ಮೂರು ವಾರ: ಕರೆಂಟಿನ ಲೆಕ್ಕ ಮೊದಲು, ಮರಿ ಆಮೇಲೆ

ಮಾರತ್ತಹಳ್ಳಿಯ ಆಚೆ ವರ್ತೂರು, ಸರ್ಜಾಪುರದ ಕಡೆ ಮೇವಿನ ಜಾಗ ಕಡಿಮೆಯಾಗುತ್ತಿದೆ. ಎರಡು ಹಸುವಿನ ಜೊತೆಗೆ ಕೋಳಿ ಸಾಕೋಣ ಎಂದು ಯೋಚಿಸುವ ಸದಸ್ಯೆಯರಿಗಾಗಿ ಈ ಮಾಹಿತಿ. ಒಂದು ದಿನದ ಮರಿಗೆ ತನ್ನ ಮೈಯ ಶಾಖ ಕಾಪಾಡಿಕೊಳ್ಳಲು ಬರುವುದಿಲ್ಲ. ರಾತ್ರಿ ಕರೆಂಟು ಹೋಗಿ ನಾವು ಎಚ್ಚರವಾಗದಿದ್ದರೆ ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ಆದ್ದರಿಂದ ಮರಿ ತರುವ ಮುಂಚೆಯೇ ಕರೆಂಟಿನ ಲೆಕ್ಕ ಹಾಕಬೇಕು.

ಬಲ್ಬು ಎಷ್ಟು?

200 ಗಿರಿರಾಜ ಮರಿ ತರುತ್ತೀರಿ ಎಂದುಕೊಳ್ಳೋಣ. ಚಳಿಗಾಲದಲ್ಲಿ ಮರಿಗೆ 2 ವಾಟ್‌ನಂತೆ 400 ವಾಟ್ ಬೇಕು, ಅಂದರೆ 100 ವಾಟ್‌ನ ನಾಲ್ಕು ಬಲ್ಬು. ಬೇಸಿಗೆಯಲ್ಲಿ ಇದರ ಅರ್ಧ ಸಾಕು. ಹಳೆಯ ತಂತಿ ಬಲ್ಬು ಅಥವಾ ಕೋಳಿಮರಿಗೆಂದೇ ಸಿಗುವ ಶಾಖದ ಬಲ್ಬನ್ನೇ ಹಾಕಿ. ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಬಲ್ಬನ್ನು ವೈರಿನಿಂದ ನೇತುಹಾಕದೆ ಸರಪಳಿಯಿಂದ ಕಟ್ಟಿ. ಕಳಚಿ ಹೊಟ್ಟಿನ ಮೇಲೆ ಬಿದ್ದರೆ ಶೆಡ್ಡಿಗೇ ಬೆಂಕಿ.

ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಜೊತೆಗೆ ಮರಿಗಳನ್ನೂ ನೋಡಿ. ಬಲ್ಬಿನ ಕೆಳಗೆ ಗುಂಪುಗೂಡಿ ಕೂಗಿದರೆ ಚಳಿ. ದೂರ ಸರಿದು ರೆಕ್ಕೆ ಬಿಟ್ಟು ಬಾಯಿ ತೆರೆದರೆ ಸೆಕೆ. ಎಲ್ಲ ಕಡೆ ಹರಡಿ ತಿನ್ನುತ್ತಿದ್ದರೆ ಸರಿಯಾಗಿದೆ.

ಬಿಲ್ಲು ಎಷ್ಟು?

ಮೊದಲ ವಾರ ರಾತ್ರಿ 12 ಗಂಟೆ ನಾಲ್ಕು ಬಲ್ಬು, ಹಗಲು 12 ಗಂಟೆ ಎರಡು ಬಲ್ಬು ಉರಿಸಿದರೆ ದಿನಕ್ಕೆ 7.2 ಯೂನಿಟ್. ಎರಡನೇ ವಾರ ರಾತ್ರಿ ಮೂರು, ಹಗಲು ಒಂದು. ಮೂರನೇ ವಾರ ರಾತ್ರಿ ಮಾತ್ರ ಎರಡು. ಮೂರು ವಾರಕ್ಕೆ ಒಟ್ಟು ಸುಮಾರು 100 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಪಡೆಯುವವರು ಇದನ್ನು ಗಮನಿಸಿ: ತಿಂಗಳಿಗೆ 110 ಯೂನಿಟ್ ಬಳಸುವ ಮನೆಯ ಮೀಟರಿಗೆ ಈ 100 ಸೇರಿದರೆ 210 ಆಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಯಾವ ಮೀಟರಿನಿಂದ ಲೈನ್ ಎಳೆಯಬೇಕೆಂದು ಬೆಸ್ಕಾಂ ಉಪವಿಭಾಗದಲ್ಲಿ ಮೊದಲೇ ಕೇಳಿ. ಪಂಪ್‌ಸೆಟ್ ಲೈನಿಗಂತೂ ಜೋಡಿಸಬೇಡಿ; ಅಲ್ಲಿ ದಿನವಿಡೀ ಕರೆಂಟು ಇರುವುದಿಲ್ಲ.

ಕರೆಂಟು ಹೋದಾಗ

ಮನೆಯಲ್ಲಿ 150 ಎ.ಎಚ್. ಬ್ಯಾಟರಿಯ ಯುಪಿಎಸ್ ಇದ್ದರೆ 400 ವಾಟನ್ನು ಸುಮಾರು ಮೂರು ಗಂಟೆ ನಡೆಸುತ್ತದೆ, ಹಳೆಯ ಬ್ಯಾಟರಿಯಾದರೆ ಇನ್ನೂ ಕಡಿಮೆ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಅದು ಸಾಲದು. 1 ಕೆ.ವಿ.ಎ. ಜನರೇಟರ್ ಸುಮಾರು 800 ವಾಟ್ ಕೊಡುತ್ತದೆ. ನಾಲ್ಕು ಬಲ್ಬು, ಒಂದು ಫ್ಯಾನು ಆರಾಮವಾಗಿ ನಡೆಯುತ್ತವೆ.

ಆದರೆ ಹಾಲು ಕರೆಯುವ ಯಂತ್ರ ಅದರಲ್ಲಿ ನಡೆಯುವುದಿಲ್ಲ. 1 ಎಚ್.ಪಿ. ಮೋಟಾರ್ ಪೂರ್ತಿ ಭಾರದಲ್ಲಿ ಓಡುವಾಗಲೇ 750 ವಾಟ್‌ಗಿಂತ ಹೆಚ್ಚು ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ಯಂತ್ರಕ್ಕೂ ಮರಿಗೂ ಒಂದೇ ಜನರೇಟರ್ ಎಂದಾದರೆ 3 ಕೆ.ವಿ.ಎ.ಗಿಂತ ಕಡಿಮೆಯದು ಬೇಡ. ಚಿಕ್ಕದೇ ಇದ್ದರೆ ಅಂದು ಕೈಯಲ್ಲಿ ಹಾಲು ಕರೆದು, ಜನರೇಟರನ್ನು ಮರಿಗೆ ಬಿಡಿ.

ಜನರೇಟರನ್ನು ಶೆಡ್ಡು, ಕೊಟ್ಟಿಗೆ, ಮಲಗುವ ಕೋಣೆ ಎಲ್ಲದರಿಂದ ದೂರ, ಬಯಲಿನಲ್ಲಿ ಇಡಿ. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆ ಇಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಮನೆಯ ಲೈನಿಗೆ ಕೊಟ್ಟರೆ ಕರೆಂಟು ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಸಾಯಬಹುದು. ವಾರಕ್ಕೊಮ್ಮೆ ಬಲ್ಬುಗಳನ್ನು ಹಾಕಿಯೇ ಹತ್ತು ನಿಮಿಷ ಓಡಿಸಿ ನೋಡಿ.

ಜನರೇಟರೂ ಕೈಕೊಟ್ಟರೆ, ಕೆಚ್ಚಲು ತೊಳೆಯಲು ನೀರು ಕಾಯಿಸುವ ಒಲೆಯೇ ಆಸರೆ. ಬಿಸಿನೀರನ್ನು ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ ಮರಿಗಳ ನಡುವೆ ಇಡಿ. ಮೇಲೆ ಗೋಣಿತಾಟು ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಅರ್ಧ ಗಂಟೆಗೊಮ್ಮೆ ಕೈಯಿಂದ ಗುಂಪು ಬಿಡಿಸಿ. ಇದ್ದಿಲ ಕುಂಡವನ್ನು ಮುಚ್ಚಿದ ಶೆಡ್ಡಿನಲ್ಲಿ ಇಡಲೇಬೇಡಿ.

ಫ್ಯಾನು ಯಾವಾಗ?

ಮೊದಲ ಮೂರು ವಾರ ಮರಿಗಳ ಮೇಲೆ ಫ್ಯಾನಿನ ಗಾಳಿ ಬೀಳಬಾರದು. ಹಾಗೆಂದು ಪರದೆಯನ್ನು ಪೂರ್ತಿ ಮುಚ್ಚಲೂ ಬಾರದು. ಮೇಲ್ಭಾಗದಲ್ಲಿ ಒಂದಡಿ ತೆರೆದಿರಲಿ. ನೀವು ಬಗ್ಗಿದಾಗ ಕಣ್ಣು ಉರಿದರೆ ಹೊಟ್ಟಿನಿಂದ ಅಮೋನಿಯಾ ಏಳುತ್ತಿದೆ ಎಂದರ್ಥ. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕಿ. ನಾಲ್ಕನೇ ವಾರದಿಂದ ಸೆಕೆಯ ಮಧ್ಯಾಹ್ನ ಫ್ಯಾನು ಹಾಕಬಹುದು.

ಮೊದಲ ಬಾರಿಗೆ ಸಾಕುವವರು 200ರ ಬದಲು 50 ಮರಿಯಿಂದ ಶುರುಮಾಡಿ. 100 ವಾಟ್‌ನ ಒಂದೇ ಬಲ್ಬಿನ ಲೆಕ್ಕ ಅದು. ಮನೆಯ ಯುಪಿಎಸ್ ರಾತ್ರಿ ಪೂರ್ತಿ ನಡೆಸುತ್ತದೆ. ಆದರೂ ಆ ಒಂದು ಬಲ್ಬು ಸುಟ್ಟುಹೋದೀತು, ಇನ್ನೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕರೆಂಟು ಹೋದರೆ ಬೆಸ್ಕಾಂ ದೂರು ಸಂಖ್ಯೆ 1912. ಕೋಳಿ ಸಾಕಣೆಯ ತರಬೇತಿಗೆ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯನ್ನು ವಿಚಾರಿಸಿ.