ನೀರಿಗೆ ಕಾಯುವ ಒಂದು ಗಂಟೆಯ ಬೆಲೆ

ಪಟ್ಟಣಕ್ಕೆ ಹೊಸ ಕುಡಿಯುವ ನೀರಿನ ಯೋಜನೆ ಬಂದಾಗ ಪತ್ರಿಕೆಯಲ್ಲಿ ಒಂದೇ ಅಂಕಿ ಕಾಣುತ್ತದೆ: ಇಷ್ಟು ಕೋಟಿ ರೂಪಾಯಿ. ಆ ಕೋಟಿಗಳನ್ನು ಹಾಕುವುದು ಲಾಭವೋ ನಷ್ಟವೋ ಎಂದು ನಿರ್ಧರಿಸಲು ಅರ್ಥಶಾಸ್ತ್ರದಲ್ಲಿ ವೆಚ್ಚ-ಲಾಭ ವಿಶ್ಲೇಷಣೆ ಎಂಬ ವಿಧಾನವಿದೆ. ಅದನ್ನು ತರಗತಿಯಲ್ಲಿ ನಾನು ಒಂದು ಕಲ್ಪಿತ ಪಟ್ಟಣವನ್ನು ಇಟ್ಟುಕೊಂಡು ವಿವರಿಸುತ್ತೇನೆ. ಅಂಕಿಗಳೆಲ್ಲ ಲೆಕ್ಕ ಸುಲಭವಾಗಲೆಂದು ನಾನೇ ಊಹಿಸಿಕೊಂಡವು. ವಿಧಾನ ಮಾತ್ರ ನಿಜವಾದ ಯೋಜನಾ ವರದಿಗಳಲ್ಲಿ ಬಳಸುವುದೇ.

ಪಟ್ಟಣದಲ್ಲಿ 10,000 ಮನೆಗಳಿವೆ. ಈಗ ನಲ್ಲಿಯಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಹೊಸ ಯೋಜನೆಯಲ್ಲಿ ನದಿಯ ದಡದಲ್ಲಿ ಜಾಕ್‌ವೆಲ್, ಅಲ್ಲಿಂದ ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕುಗಳು, ಹೊಸ ಪೈಪು, ಮನೆಮನೆಗೆ ಮೀಟರ್. ಟೆಂಡರ್ ಮೊತ್ತ 60 ಕೋಟಿ. ವಿದ್ಯುತ್, ಆಲಂ, ಕ್ಲೋರಿನ್, ಸಂಬಳ, ರಿಪೇರಿ ಸೇರಿ ವರ್ಷಕ್ಕೆ 2 ಕೋಟಿ. ಯೋಜನೆಯ ಆಯುಷ್ಯ 30 ವರ್ಷ.

ಪುರಸಭೆಯ ಲೆಕ್ಕಿಗನ ಕಣ್ಣಿನಿಂದ ಮೊದಲು ನೋಡೋಣ. ಮನೆಗೆ ತಿಂಗಳಿಗೆ 200 ರೂಪಾಯಿಯಂತೆ ವರ್ಷಕ್ಕೆ 2 ಕೋಟಿ 40 ಲಕ್ಷ ನೀರಿನ ಕರ ಬರುತ್ತದೆ. ಖರ್ಚು ಕಳೆದರೆ ಉಳಿಯುವುದು 40 ಲಕ್ಷ. ಇದರಿಂದ 60 ಕೋಟಿ ತೀರಬೇಕಾದರೆ 150 ವರ್ಷ ಬೇಕು. ಇಲ್ಲಿಗೆ ನಿಲ್ಲಿಸಿದರೆ ಯೋಜನೆ ಬೇಡ ಎನ್ನಬೇಕಾಗುತ್ತದೆ.

ಆದರೆ ಈ ಲೆಕ್ಕ ಪುರಸಭೆಯದು, ಊರಿನದಲ್ಲ. ನೀರಿನ ಕರ ಎಂದರೆ ಮನೆಯವರ ಜೇಬಿನಿಂದ ಪುರಸಭೆಯ ಖಜಾನೆಗೆ ಹೋದ ದುಡ್ಡು. ಒಬ್ಬರಿಗೆ ಹೋದದ್ದು ಇನ್ನೊಬ್ಬರಿಗೆ ಬಂತು. ಊರಿನಲ್ಲಿ ಒಟ್ಟಾರೆ ಏನೂ ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ವರ್ಗಾವಣೆ ಎಂದು ಕರೆದು ಊರಿನ ಲೆಕ್ಕದಿಂದ ಹೊರಗಿಡುತ್ತಾರೆ. ನಿಜವಾಗಿ ಏನು ಖರ್ಚಾಯಿತು, ಏನು ಉಳಿಯಿತು ಎಂಬುದಷ್ಟೇ ಅಲ್ಲಿ ಮುಖ್ಯ.

ಇದೇ ಜರಡಿಯಲ್ಲಿ 60 ಕೋಟಿಯನ್ನೂ ಸೋಸಬೇಕು. ಅದರಲ್ಲಿ 6 ಕೋಟಿ ತೆರಿಗೆ ಎಂದಿಟ್ಟುಕೊಳ್ಳಿ. ಅದು ಸರ್ಕಾರದಿಂದ ಹೊರಟು ಸರ್ಕಾರಕ್ಕೇ ಹಿಂತಿರುಗುತ್ತದೆ, ವೆಚ್ಚವಲ್ಲ. ಇನ್ನು 10 ಕೋಟಿ ಗುಂಡಿ ತೋಡುವವರ, ಪೈಪು ಹೊರುವವರ ಕೂಲಿ. ಈ ಕೆಲಸ ಇರದಿದ್ದರೆ ಅವರಲ್ಲಿ ಹಲವರು ತಿಂಗಳಲ್ಲಿ ಅರ್ಧ ದಿನ ಕೆಲಸವಿಲ್ಲದೆ ಕೂರುತ್ತಿದ್ದರು. ಅವರನ್ನು ಇಲ್ಲಿಗೆ ಕರೆದದ್ದರಿಂದ ಸಮಾಜ ಕಳೆದುಕೊಂಡದ್ದು ಅವರು ಬೇರೆಡೆ ದುಡಿಯಬಹುದಾಗಿದ್ದ ಅಷ್ಟನ್ನು ಮಾತ್ರ. ಅದು ಕೂಲಿಯ ಶೇ 60 ಎಂದುಕೊಂಡರೆ 6 ಕೋಟಿ. ಮಾರುಕಟ್ಟೆಯ ಬೆಲೆ ನಿಜವಾದ ತ್ಯಾಗವನ್ನು ತೋರಿಸದಿದ್ದಾಗ ಅದರ ಬದಲು ಹೀಗೆ ಲೆಕ್ಕ ಹಾಕಿ ಇಡುವ ಬೆಲೆಯೇ ಛಾಯಾ ಬೆಲೆ. ಅವಕಾಶ ವೆಚ್ಚ ಎಂದು ನೀವು ಓದಿದ್ದೀರಲ್ಲ, ಅದರದೇ ಇನ್ನೊಂದು ರೂಪ. ಬಡ ದೇಶಗಳ ಯೋಜನೆಗಳಿಗೆ ಇದನ್ನು ಹೇಗೆ ಬಳಸಬೇಕೆಂದು 1972ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಗಾಗಿ ಕೈಪಿಡಿ ಬರೆದ ಮೂವರಲ್ಲಿ ಅಮರ್ತ್ಯ ಸೇನ್ ಒಬ್ಬರು. ಉಳಿದಿಬ್ಬರು ಪಾರ್ಥ ದಾಸ್‌ಗುಪ್ತ ಮತ್ತು ಸ್ಟೀಫನ್ ಮಾರ್ಗ್ಲಿನ್.

ಹೀಗೆ 60 ಕೋಟಿ ನಮ್ಮ ಲೆಕ್ಕದಲ್ಲಿ 50 ಕೋಟಿಗೆ ಇಳಿಯಿತು. ಛಾಯಾ ಬೆಲೆ ಯಾವಾಗಲೂ ವೆಚ್ಚವನ್ನು ಇಳಿಸುತ್ತದೆ ಎಂದುಕೊಳ್ಳಬೇಡಿ. ಪಂಪಿಗೆ ಕೊಡುವ ವಿದ್ಯುತ್ತಿನ ದರ ಅದನ್ನು ತಯಾರಿಸುವ ಖರ್ಚಿಗಿಂತ ಕಡಿಮೆ ಇದ್ದರೆ ನಿಜವಾದ ವೆಚ್ಚ ಬಿಲ್ಲಿಗಿಂತ ಹೆಚ್ಚು. ಹಾಗಾಗಿ ವಾರ್ಷಿಕ ಖರ್ಚನ್ನು 2 ಕೋಟಿಯಿಂದ 2 ಕೋಟಿ 40 ಲಕ್ಷಕ್ಕೆ ಏರಿಸೋಣ.

ಈಗ ಲಾಭದ ಕಡೆ. ಬೇಸಿಗೆಯ ನಾಲ್ಕು ತಿಂಗಳು 3,000 ಮನೆಗಳು ತಿಂಗಳಿಗೆ 500 ರೂಪಾಯಿಯ ಟ್ಯಾಂಕರ್ ನೀರು ಕೊಳ್ಳುತ್ತವೆ, ಒಟ್ಟು 60 ಲಕ್ಷ. ಅದರಲ್ಲಿ 24 ಲಕ್ಷ ಟ್ಯಾಂಕರ್ ಮಾಲೀಕರ ಲಾಭವಾಗಿದ್ದರೆ ಆ ಭಾಗ ಮತ್ತೆ ವರ್ಗಾವಣೆಯೇ. ಊರಿಗೆ ನಿಜವಾಗಿ ಉಳಿಯುವುದು ಡೀಸೆಲ್, ಚಾಲಕರ ದುಡಿಮೆ, ಬೋರ್‌ವೆಲ್ಲಿನ ವಿದ್ಯುತ್ತು ಸೇರಿ 36 ಲಕ್ಷ.

ಇದು ಚಿಲ್ಲರೆ. ದೊಡ್ಡ ಲಾಭ ಇರುವುದು ಸಮಯದಲ್ಲಿ. ನೀರು ಬರುವುದನ್ನು ಕಾಯುವುದು, ಬೀದಿ ನಲ್ಲಿಯಲ್ಲಿ ಸರದಿ ನಿಲ್ಲುವುದು, ಕೊಡ ಹೊತ್ತು ತಂದು ಡ್ರಮ್ಮಿಗೆ ಸುರಿಯುವುದು, ಎಲ್ಲ ಸೇರಿ ಮನೆಗೆ ದಿನಕ್ಕೆ ಒಂದು ಗಂಟೆ ಎನ್ನೋಣ. ವರ್ಷಕ್ಕೆ 36 ಲಕ್ಷ 50 ಸಾವಿರ ಗಂಟೆ. ಈ ಗಂಟೆಗಳು ಯಾರವು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಮನೆಯಂಗಳದಲ್ಲಿ ನೀರಿಲ್ಲದ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವ ಹೊಣೆ ಹೆಂಗಸರು ಮತ್ತು ಹೆಣ್ಣುಮಕ್ಕಳದು. ನಮ್ಮ ಮನೆಗಳಲ್ಲೂ ಅಮ್ಮಿಯೋ ಅಕ್ಕನೋ ಬಿಂದಿಗೆ ಹಿಡಿಯುತ್ತಾರೆಯೇ ಹೊರತು ಅಬ್ಬಾ ಅಲ್ಲ.

ಈ ಗಂಟೆಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಸಂಬಳ ಬಾರದ ಕೆಲಸವೆಂದು ಸೊನ್ನೆ ಹಾಕಿದರೆ ಯೋಜನೆ ಅಲ್ಲೇ ಸತ್ತಿತು, ಏಕೆಂದರೆ 36 ಲಕ್ಷದ ಲಾಭ 2 ಕೋಟಿ 40 ಲಕ್ಷದ ಖರ್ಚನ್ನೂ ಮುಟ್ಟುವುದಿಲ್ಲ. ದಿನಗೂಲಿ 400 ರೂಪಾಯಿ, ಎಂಟು ಗಂಟೆ ಎಂದರೆ ಗಂಟೆಗೆ 50. ಉಳಿದ ಸಮಯವೆಲ್ಲ ಕೂಲಿಗೆ ಹೋಗುವುದಿಲ್ಲವಾದ್ದರಿಂದ ವಿಶ್ಲೇಷಕರು ಸಾಮಾನ್ಯವಾಗಿ ಕೂಲಿಯ ಒಂದು ಭಾಗವನ್ನಷ್ಟೇ ಹಿಡಿಯುತ್ತಾರೆ. ನಾವು 20 ರೂಪಾಯಿ ಹಿಡಿಯೋಣ. ಆಗ ವರ್ಷಕ್ಕೆ 7 ಕೋಟಿ 30 ಲಕ್ಷ. ಟ್ಯಾಂಕರ್ ಉಳಿತಾಯ ಕೂಡಿಸಿ, ವಾರ್ಷಿಕ ಖರ್ಚು ಕಳೆದರೆ ನಿವ್ವಳ ಲಾಭ ವರ್ಷಕ್ಕೆ 5 ಕೋಟಿ 26 ಲಕ್ಷ.

ಆರೋಗ್ಯದ ಲಾಭವನ್ನು ನಾನು ಬೇಕೆಂದೇ ಸೇರಿಸಿಲ್ಲ. ಯೋಜನಾ ವರದಿಗಳು ಕಾಯಿಲೆ ಇಷ್ಟು ಕಡಿಮೆಯಾಗುತ್ತದೆ ಎಂದು ಧಾರಾಳವಾಗಿ ಬರೆಯುತ್ತವೆ. ಹುಬ್ಬಳ್ಳಿ-ಧಾರವಾಡದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೆಲವು ವಾರ್ಡುಗಳಿಗೆ 24 ಗಂಟೆಯೂ ನೀರು ಬಂತು, ಉಳಿದ ವಾರ್ಡುಗಳಲ್ಲಿ ಹಳೆಯ ಪದ್ಧತಿಯೇ ಮುಂದುವರಿಯಿತು. ಎರಡೂ ಕಡೆಯ ಮಕ್ಕಳನ್ನು ಹೋಲಿಸಿದ ಅಧ್ಯಯನ 2015ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳ ಭೇದಿಯಲ್ಲಿ ಒಟ್ಟಾರೆಯಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು, ಟೈಫಾಯ್ಡ್ ಆಯಿತೆಂದು ಹೇಳಿದ ಮನೆಗಳೂ ಕಡಿಮೆ. ಲಾಭ ಇದೆ, ಆದರೆ ಊಹಿಸಿದ ಕಡೆಯಲ್ಲೇ ಇಲ್ಲ.

ಇನ್ನು ಉಳಿದದ್ದು ಕಾಲ. 50 ಕೋಟಿ ಇಂದೇ ಹೋಗುತ್ತದೆ, 5 ಕೋಟಿ 26 ಲಕ್ಷ 30 ವರ್ಷ ನಿಧಾನವಾಗಿ ಬರುತ್ತದೆ. ಸುಮ್ಮನೆ ಕೂಡಿಸಿದರೆ 158 ಕೋಟಿ ಬಂದಂತೆ ತೋರುತ್ತದೆ, ಅದು ತಪ್ಪು. ಇಂದಿನ 100 ರೂಪಾಯಿಯನ್ನು ಬೇರೆ ಒಳ್ಳೆಯ ಕೆಲಸಕ್ಕೆ ಹಾಕಿದ್ದರೆ ಮುಂದಿನ ವರ್ಷ 106 ಆಗುತ್ತಿತ್ತು ಎಂದಾದರೆ, ಮುಂದಿನ ವರ್ಷದ 106 ಇಂದಿನ 100ಕ್ಕೆ ಸಮ. ಹೀಗೆ ಹಿಂದಕ್ಕೆ ಇಳಿಸುವುದೇ ಡಿಸ್ಕೌಂಟಿಂಗ್. ಶೇ 6ರ ದರದಲ್ಲಿ 30 ವರ್ಷದ ನಂತರದ 100 ರೂಪಾಯಿ ಇಂದಿನ 17 ರೂಪಾಯಿಗೆ ಸಮ. ಶೇ 12 ಆದರೆ 3 ರೂಪಾಯಿ ಚಿಲ್ಲರೆ ಅಷ್ಟೆ. ಬೆಲೆಯೇರಿಕೆಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲ ಅಂಕಿಗಳನ್ನೂ ಇಂದಿನ ಬೆಲೆಯಲ್ಲೇ ಬರೆದ ಮೇಲೂ ಈ ಕಡಿತ ಮಾಡಬೇಕು.

ಈ ಪಾಠ ಮಾಡುವಾಗ ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ: ಸರ್, ಇದು ಬಡ್ಡಿಯಲ್ಲವೇ? ಒಳ್ಳೆಯ ಪ್ರಶ್ನೆ. ರಿಬಾ ಎಂಬುದು ಸಾಲ ಕೊಟ್ಟವನು ಪಡೆದವನಿಂದ ಹೆಚ್ಚುವರಿ ವಸೂಲಿ ಮಾಡುವ ಕರಾರು. ಇಲ್ಲಿ ಸಾಲಗಾರನೂ ಇಲ್ಲ, ಕರಾರೂ ಇಲ್ಲ. ಎರಡು ಕೆಲಸಗಳಲ್ಲಿ ಯಾವುದನ್ನು ಆರಿಸಬೇಕೆಂದು ತೂಗುವ ತಕ್ಕಡಿ ಇದು. ನಗದಿಗಿಂತ ಮುಂದಿನ ಕಂತಿಗೆ ಹೆಚ್ಚು ಬೆಲೆ ನಿಗದಿ ಮಾಡಿ ವಸ್ತು ಮಾರುವುದನ್ನು ಬಹುಪಾಲು ಫಿಕ್ಹ್ ವಿದ್ವಾಂಸರು ಒಪ್ಪಿದ್ದಾರೆ. ಕಾಲಕ್ಕೆ ಬೆಲೆಯಲ್ಲಿ ಪಾಲಿದೆ ಎಂಬುದು ಅಲ್ಲಿಯೂ ಇದೆ. ಯೋಜನೆಯ ಹಣವನ್ನು ಬಡ್ಡಿ ಸಾಲದಿಂದ ತರಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಲೆಕ್ಕಕ್ಕೆ ಮರಳೋಣ. ಶೇ 6ರಲ್ಲಿ 30 ವರ್ಷದ ಲಾಭದ ಇಂದಿನ ಮೌಲ್ಯ 72 ಕೋಟಿ 40 ಲಕ್ಷ. ವೆಚ್ಚ ಕಳೆದರೆ 22 ಕೋಟಿ 40 ಲಕ್ಷ ಮಿಗುತ್ತದೆ. ಶೇ 12ರಲ್ಲಿ ಅದೇ ಲಾಭ 42 ಕೋಟಿ 40 ಲಕ್ಷಕ್ಕೆ ಕುಸಿದು, ಯೋಜನೆ 7 ಕೋಟಿ 60 ಲಕ್ಷ ನಷ್ಟ ತೋರಿಸುತ್ತದೆ. ಪೈಪು ಅದೇ, ನೀರು ಅದೇ, ದರ ಮಾತ್ರ ಬೇರೆ. ಯಾವ ದರ ಸರಿ ಎಂಬುದರಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನ ಖಜಾನೆ ಇಲಾಖೆ ಶೇ 3.5 ಬಳಸುತ್ತದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಬಹುಕಾಲ ಶೇ 12 ಕೇಳುತ್ತಿದ್ದು, 2017ರಲ್ಲಿ ಶೇ 9ಕ್ಕೆ ಇಳಿಸಿತು. ಅದಕ್ಕೇ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಅಂಕಿಯನ್ನಲ್ಲ, ಆ ಅಂಕಿ ಎಲ್ಲಿ ಮಗುಚುತ್ತದೆ ಎಂಬುದನ್ನು. ನಮ್ಮ ಪಟ್ಟಣದಲ್ಲಿ ಶೇ 6ಕ್ಕೆ ಹೆಂಗಸರ ಗಂಟೆಗೆ ಹದಿನೈದೂವರೆ ರೂಪಾಯಿಗಿಂತ ಹೆಚ್ಚು ಬೆಲೆಯಿದ್ದರೆ ಯೋಜನೆ ಗೆಲ್ಲುತ್ತದೆ. ಶೇ 12ಕ್ಕೆ ಅದು ಸುಮಾರು ಇಪ್ಪತ್ತೆರಡೂವರೆ ದಾಟಬೇಕು. ಈಗ ವಾದ ಮಾಡಲು ಒಂದು ನಿಶ್ಚಿತ ಜಾಗ ಸಿಕ್ಕಿತು.

ವಿಳಂಬದ ಬೆಲೆಯೂ ಇಲ್ಲೇ ಕಾಣುತ್ತದೆ. ಪೈಪು ಹೂತು, ಬಿಲ್ಲು ಪಾವತಿಯಾಗಿ, ಜಾಕ್‌ವೆಲ್ ಮುಗಿಯದೆ ನೀರು ಮೂರು ವರ್ಷ ತಡವಾದರೆ ಶೇ 6ರಲ್ಲಿ ಮಿಗುವುದು 10 ಕೋಟಿ 80 ಲಕ್ಷ ಮಾತ್ರ. ಅರ್ಧಕ್ಕಿಂತ ಹೆಚ್ಚು ಲಾಭ ಯಾರ ಕೈಗೂ ಸಿಗದೆ ಮಣ್ಣಾಯಿತು.

ಇನ್ನು ಗೆದ್ದವರು, ಸೋತವರು. 22 ಕೋಟಿ ಮಿಗಿತು ಎಂದರೆ ಎಲ್ಲರಿಗೂ ಒಳ್ಳೆಯದಾಯಿತು ಎಂದಲ್ಲ. ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟೂ ಉಳಿಸಿಕೊಳ್ಳಬಲ್ಲರು ಎಂದಷ್ಟೇ ಅರ್ಥ. ಕೊಡಲೇಬೇಕೆಂದು ಲೆಕ್ಕ ಹೇಳುವುದಿಲ್ಲ. ಟ್ಯಾಂಕರ್ ಮಾಲೀಕರ 24 ಲಕ್ಷ ಹೋಯಿತು, ಅವರ ಬಗ್ಗೆ ನನಗೆ ಹೆಚ್ಚು ಮರುಕವಿಲ್ಲ. ನದಿಯ ಕೆಳಭಾಗದ ರೈತರ ವಿಷಯ ಬೇರೆ. ಜಾಕ್‌ವೆಲ್ ಬೇಸಿಗೆಯಲ್ಲಿ ಎತ್ತುವ ನೀರಿನಿಂದ ಅವರ 40 ಎಕರೆಯ ಎರಡನೇ ಬೆಳೆ ಹೋಗಿ, ಎಕರೆಗೆ 25,000 ರೂಪಾಯಿ ಆದಾಯ ತಪ್ಪಿದರೆ ವರ್ಷಕ್ಕೆ 10 ಲಕ್ಷ. ಒಟ್ಟು ಲೆಕ್ಕದಲ್ಲಿ ಇದರಿಂದ 1 ಕೋಟಿ 40 ಲಕ್ಷ ಕಡಿಮೆಯಾಗುತ್ತದೆ, ತೀರ್ಪು ಬದಲಾಗುವುದಿಲ್ಲ. ಆದರೆ ಆ ಇಪ್ಪತ್ತು ಕುಟುಂಬಗಳಿಗೆ ವರ್ಷದ ಅರ್ಧ ಅನ್ನ ಅದು. ನದಿಯ ನೀರು ಪುಕ್ಕಟೆ ಎಂದು ಬರೆದ ವರದಿಯಲ್ಲಿ ಇವರು ಕಾಣುವುದೇ ಇಲ್ಲ.

ಪಟ್ಟಣದೊಳಗೂ ಲಾಭ ಸಮನಾಗಿ ಹರಿಯುವುದಿಲ್ಲ. ಸ್ವಂತ ಬೋರ್‌ವೆಲ್ ಇರುವವರಿಗೆ ಉಳಿಯುವ ಸಮಯ ಕಡಿಮೆ. ಅನಧಿಕೃತ ಬಡಾವಣೆಯವರಿಗೆ ಸಂಪರ್ಕವೇ ಸಿಗದಿರಬಹುದು, ಸಿಕ್ಕಿದರೂ ಠೇವಣಿ ಕಟ್ಟಲು ಕಷ್ಟ. ಬಾಡಿಗೆದಾರರದು ಇನ್ನೂ ವಿಚಿತ್ರ. 24 ಗಂಟೆ ನೀರು ಬಂದ ಬೀದಿಯಲ್ಲಿ ಮನೆಯ ಬಾಡಿಗೆ ಏರುತ್ತದೆ. ತಿಂಗಳಿಗೆ 30 ಗಂಟೆ ಉಳಿಸಿದ ಹೆಂಗಸಿನ 600 ರೂಪಾಯಿ ಲಾಭದಲ್ಲಿ 500 ಬಾಡಿಗೆಯಾಗಿ ಮಾಲೀಕನಿಗೆ ಹೋದರೆ, ಊರಿನ ಒಟ್ಟು ಲೆಕ್ಕದಲ್ಲಿ ಒಂದು ಪೈಸೆಯೂ ಬದಲಾಗುವುದಿಲ್ಲ. ಅವಳಿಗೆ ಉಳಿಯುವುದು 100 ರೂಪಾಯಿ, ಅದರ ಮೇಲೆ ತಿಂಗಳಿಗೆ 200 ರೂಪಾಯಿಯ ನೀರಿನ ಬಿಲ್ಲು.